ಮುಂದುವರಿಸಿ

ನನ್ನ ಸೋದರಮಾವ ಅರಸೀಕೆರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ನಿವೃತ್ತರಾದ ಮೇಲೂ ಲೆಕ್ಕ ಬರೆಯುವುದನ್ನು ಬಿಟ್ಟಿಲ್ಲ. ಉದ್ದನೆಯ ನೋಟುಬುಕ್ಕಿನಲ್ಲಿ ಹಾಲು, ಪೇಪರು, ಬಸ್‌ಚಾರ್ಜು, ಬೀಪಿ ಮಾತ್ರೆ ಎಲ್ಲ ದಿನವಾರು ಇರುತ್ತದೆ. ಕಳೆದ ಜನವರಿಯ ಕೊನೆಗೆ, ಅಕ್ಕನ ಮನೆಯ ಗೃಹಪ್ರವೇಶದಲ್ಲಿ, ಊಟ ಮುಗಿದು ಎಲೆಅಡಿಕೆ ಹಾಕಿಕೊಂಡು ಕೂತಿದ್ದಾಗ ಆ ನೋಟುಬುಕ್ಕನ್ನು ಚೀಲದಿಂದ ತೆಗೆದರು.

"ನಿನ್ನನ್ನ ಒಂದು ಕೇಳಬೇಕು ಕಣೋ. ನೀನು ಬೇಜಾರು ಮಾಡ್ಕೋಬಾರದು."

ಅವರು ಬೆರಳಿಟ್ಟು ತೋರಿಸಿದ ಜಾಗಗಳಲ್ಲೆಲ್ಲ ಒಂದೇ ನಮೂದು ಇತ್ತು: ಕಥೆ ಆಪ್, 299. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ. ಒಟ್ಟು 1495 ರೂಪಾಯಿ.

ಆ ಆಪ್ ನಾನು ಕೆಲಸ ಮಾಡುವ ಕಂಪನಿಯದ್ದು. ಮಕ್ಕಳಿಗೆ ಕಥೆ ಕೇಳಿಸುವ ಆಪ್. ಏಪ್ರಿಲ್‌ನಲ್ಲಿ ಮೊಮ್ಮಗಳು ರಜಕ್ಕೆ ಪುಣೆಯಿಂದ ಬಂದಾಗ ನಾನೇ ಫೋನಿನಲ್ಲಿ ಕೂರಿಸಿಕೊಂಡು ಹಾಕಿಸಿಕೊಟ್ಟಿದ್ದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಮೇ ಕೊನೆಗೆ ಮಗು ಹೊರಟುಹೋಯಿತು. ಮಾವ ಜೂನ್ ಮೊದಲ ವಾರದಲ್ಲೇ ಚಂದಾ ನಿಲ್ಲಿಸಲು ಹೋಗಿದ್ದಾರೆ, ಅಕ್ಟೋಬರಿನಲ್ಲಿ ಮತ್ತೊಮ್ಮೆ ಹೋಗಿದ್ದಾರೆ. ಎರಡು ಸಲವೂ ನಿಂತಿತು ಅಂದುಕೊಂಡು ಕನ್ನಡಕ ಮಡಚಿಟ್ಟಿದ್ದಾರೆ. ಅಳಿಯನ ಕಂಪನಿ ಎಂಬ ದಾಕ್ಷಿಣ್ಯಕ್ಕೆ ನನ್ನನ್ನು ಕೇಳಿರಲಿಲ್ಲ.

ನಾನು ದುಡ್ಡು ಕೊಡಲು ಜೇಬಿಗೆ ಕೈಹಾಕಿದೆ. ಮಾವ ಕೈ ಹಿಡಿದರು. "ದುಡ್ಡಿನ ಮಾತಲ್ಲ. ನಾನು ಯಾವ ಸ್ಟೆಪ್‌ನಲ್ಲಿ ತಪ್ಪಿದೆ, ಅದನ್ನ ಹೇಳು."

ಆ ಸ್ಟೆಪ್‌ಗಳನ್ನು ವಿನ್ಯಾಸ ಮಾಡಿದವನು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ.

ಹಿಂದಿನ ವರ್ಷ ನಮ್ಮಲ್ಲಿ ಚಂದಾ ಬಿಡುವವರು ಹೆಚ್ಚಾಗಿದ್ದರು. ಬಿಡಲು ಬಂದವರಲ್ಲಿ ಒಂದಷ್ಟು ಜನರನ್ನಾದರೂ ಉಳಿಸಿಕೊಳ್ಳುವ ದಾರಿಯೊಂದನ್ನು ಮಾಡು ಎಂದು ನನಗೆ ಕೊಟ್ಟರು. ನಾನು ನಾಲ್ಕು ಪುಟ ಮಾಡಿದೆ. ಮೊದಲನೆಯದರಲ್ಲಿ ಮಗುವಿನ ಹೆಸರು, ಅದು ಇದುವರೆಗೆ ಕೇಳಿದ ಕಥೆಗಳ ಸಂಖ್ಯೆ, ಅರ್ಧಕ್ಕೆ ನಿಂತ ಕಥೆಗಳ ಚಿತ್ರ. ಎರಡನೆಯದರಲ್ಲಿ ಯಾಕೆ ಬಿಡುತ್ತಿದ್ದೀರಿ ಎಂಬ ಪ್ರಶ್ನೆ. ಮೂರನೆಯದು ಆ ಉತ್ತರಕ್ಕೆ ತಕ್ಕ ಆಮಿಷ: ಬೆಲೆ ಜಾಸ್ತಿ ಎಂದರೆ ರಿಯಾಯಿತಿ, ಈಗ ಬಳಸುತ್ತಿಲ್ಲ ಎಂದರೆ ಮೂರು ತಿಂಗಳ ವಿರಾಮ. ನಾಲ್ಕನೆಯದು ಖಚಿತಪಡಿಸುವ ಪುಟ. ಅದರ ಮೇಲೆ ಕೊನೆಗೊಂದು ಚಿಕ್ಕ ಪೆಟ್ಟಿಗೆ.

ಪ್ರತಿ ಪುಟಕ್ಕೂ ನನ್ನ ಬಳಿ ಒಂದು ಒಳ್ಳೆಯ ಕಾರಣವಿತ್ತು. ಬಿಡುವ ಮುನ್ನ ಏನು ಕಳೆದುಕೊಳ್ಳುತ್ತೀರಿ ಎಂದು ತಿಳಿಸುವುದು ತಪ್ಪೇ? ಕಾರಣ ಕೇಳಿದರೆ ನಾವು ಸುಧಾರಿಸಿಕೊಳ್ಳಬಹುದಲ್ಲವೇ? ಬಿಡಿಬಿಡಿಯಾಗಿ ನೋಡಿದರೆ ಯಾವ ಪುಟವೂ ಕೆಟ್ಟದ್ದಲ್ಲ. ಕೆಟ್ಟದ್ದು ಇದ್ದದ್ದು ಅವುಗಳ ಸಾಲಿನಲ್ಲಿ ಮತ್ತು ಗುಂಡಿಗಳ ಮೇಲಿನ ಮಾತಿನಲ್ಲಿ.

ಆ ಸಂಜೆ ಮಾವನ ಫೋನನ್ನೇ ಹಿಡಿದುಕೊಂಡು ಅವರು ಹೋದ ದಾರಿಯಲ್ಲಿ ಹೋದೆ. ಜೂನಿನಲ್ಲಿ ಅವರು ಕಾರಣದ ಪುಟದಲ್ಲಿ ಪ್ರಾಮಾಣಿಕವಾಗಿ 'ಈಗ ಬಳಸುತ್ತಿಲ್ಲ' ಎಂದು ಒತ್ತಿದ್ದರು. ಮುಂದಿನ ಪುಟದಲ್ಲಿ ವಿರಾಮದ ಬಗ್ಗೆ ಎರಡು ಸಾಲು. ಕೆಳಗೆ ಅಗಲವಾದ ಹಳದಿ ಗುಂಡಿ, ಅದರ ಮೇಲೆ 'ಮುಂದುವರಿಸಿ'. ಅದರಡಿಯಲ್ಲಿ ತೆಳು ಬೂದು ಅಕ್ಷರದಲ್ಲಿ 'ಬೇಡ, ರದ್ದು ಮಾಡುತ್ತೇನೆ'. ಮಾವ ರದ್ದು ಮಾಡುವ ಕೆಲಸದಲ್ಲಿದ್ದರು, ಹಾಗಾಗಿ ಆ ಕೆಲಸವನ್ನು ಮುಂದುವರಿಸಿದರು. ಆಪ್‌ಗೆ ಅದು ಚಂದಾ ಮುಂದುವರಿಸುವ ಮಾತು. ಮೂರು ತಿಂಗಳು ದುಡ್ಡು ಹೋಗಲಿಲ್ಲ, ನಿಂತಿದೆ ಎಂಬ ಅವರ ನಂಬಿಕೆಯೂ ಗಟ್ಟಿಯಾಯಿತು. ಸೆಪ್ಟೆಂಬರಿನಲ್ಲಿ ವಿರಾಮ ಮುಗಿಯಿತು.

ಅಕ್ಟೋಬರಿನಲ್ಲಿ ಅವರು ಎಚ್ಚರವಾಗಿದ್ದರು. 'ಇತರೆ' ಒತ್ತಿ, ಆಮಿಷ ದಾಟಿ, ಕೊನೆಯ ಪೆಟ್ಟಿಗೆಯ ತನಕ ಬಂದಿದ್ದರು. ಅಲ್ಲಿದ್ದ ಪ್ರಶ್ನೆ, 'ಚಂದಾ ರದ್ದು ಮಾಡುವುದು ಖಚಿತವೇ?' ಗುಂಡಿಗಳು ಎರಡು: 'ರದ್ದು' ಮತ್ತು 'ಹೌದು'. ಮಾವ 'ರದ್ದು' ಒತ್ತಿದರು. ಬೇರೆ ಏನು ಒತ್ತಬೇಕು? ಆದರೆ ಕಂಪ್ಯೂಟರಿನ ಪೆಟ್ಟಿಗೆಗಳಲ್ಲಿ ಇಂಗ್ಲಿಷಿನ ಕ್ಯಾನ್ಸಲ್ ಎಂದರೆ 'ಈ ಪೆಟ್ಟಿಗೆ ಮುಚ್ಚು, ಏನೂ ಮಾಡಬೇಡ' ಎಂದರ್ಥ. ಅನುವಾದದಲ್ಲಿ ಅದೂ 'ರದ್ದು', ಚಂದಾ ನಿಲ್ಲಿಸುವುದೂ 'ರದ್ದು'. ಪೆಟ್ಟಿಗೆ ಮುಚ್ಚಿಕೊಂಡಿತು, ಮುಗಿಯಿತೆಂದು ಮಾವ ಫೋನ್ ಕೆಳಗಿಟ್ಟರು.

ಅವರು ಎಲ್ಲೂ ತಪ್ಪಿರಲಿಲ್ಲ. ಹಾಗೆಂದು ಹೇಳಿದೆ, ಮಾಡಿದ್ದು ನಾನೆಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಪ್ರಶ್ನೆಪತ್ರಿಕೆನೇ ತಪ್ಪು" ಅಂದರು. ಪ್ರಶ್ನೆ ತಪ್ಪಿದ್ದರೆ ಮಕ್ಕಳಿಗೆ ಪೂರ್ತಿ ಅಂಕ ಕೊಡುತ್ತಿದ್ದ ಮೇಷ್ಟ್ರು ಅವರು.

ದುಡ್ಡು ಹೋಗುವ ಒಂದು ದಿನ ಮುಂಚೆಯಾದರೂ ಮೆಸೇಜ್ ಬಂದಿರಬೇಕಲ್ಲ ಎಂದು ಕೇಳಿದೆ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ತಾನಾಗಿ ಕಡಿತವಾಗುವ ಹಣಕ್ಕೆ 24 ಗಂಟೆ ಮೊದಲು ತಿಳಿಸಬೇಕು. ಮೆಸೇಜ್ ಬಂದಿತ್ತು, ಇಂಗ್ಲಿಷಿನಲ್ಲಿ. ಗೊತ್ತಿಲ್ಲದ ಮೆಸೇಜು ಮುಟ್ಟಬೇಡಿ ಎಂದು ಪೇಪರಿನಲ್ಲಿ ಓದಿದ್ದ ಮಾವ ಅದನ್ನು ಮುಟ್ಟಿರಲಿಲ್ಲ.

"ನಾನು ಪತ್ರಿಕೆಗೆ ಚಂದಾ ಕಟ್ಟುತ್ತಿದ್ದಾಗ ಹಿಂಗಿರಲಿಲ್ಲ" ಅಂದರು. ಅವಧಿ ಮುಗಿದರೆ ಒಂದು ಚೀಟಿ ಬರುತ್ತಿತ್ತು. ಬೇಕಿದ್ದರೆ ಮನಿಯಾರ್ಡರ್ ಕಳಿಸಬೇಕು, ಸುಮ್ಮನಿದ್ದರೆ ಪತ್ರಿಕೆ ನಿಲ್ಲುತ್ತಿತ್ತು. ಎರಡರ ವ್ಯತ್ಯಾಸ ಪೂರ್ತಿ ಇಲ್ಲೇ ಇದೆ. ಅಂದು ಸುಮ್ಮನಿದ್ದರೆ ಸಾಕು ಎಂದರ್ಥ, ಇಂದು ಸುಮ್ಮನಿದ್ದರೆ ಇರಲಿ ಎಂದರ್ಥ. ಮೌನವನ್ನು ಒಪ್ಪಿಗೆ ಎಂದು ಓದುವ ವ್ಯಾಪಾರದಲ್ಲಿ, ಬೇಡ ಎನ್ನುವ ಬಾಗಿಲೊಂದೇ ಗಿರಾಕಿಯ ಕೈಯಲ್ಲಿ ಉಳಿಯುವುದು.

ಈ ಬಾಗಿಲನ್ನು ಇಕ್ಕಟ್ಟು ಮಾಡುವ ಕಲೆ ನಮ್ಮೊಬ್ಬರದ್ದಲ್ಲ. ಅಮೆಜಾನ್ ಕಂಪನಿಯ ಪ್ರೈಮ್ ಸದಸ್ಯತ್ವ ಬಿಡುವ ದಾರಿಗೆ ಒಳಗಿನವರು ಇಟ್ಟಿದ್ದ ಹೆಸರು 'ಇಲಿಯಡ್'. ನಾಲ್ಕು ಪುಟ, ಆರು ಕ್ಲಿಕ್ಕು, ಹದಿನೈದು ಆಯ್ಕೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನಿನಲ್ಲಿ ಹೂಡಿದ ದಾವೆಯಲ್ಲಿ ಲೆಕ್ಕ ಕೊಟ್ಟಿತು. ಇಲಿಯಡ್ ಮುಗಿಯದ ಯುದ್ಧದ ಕಥೆ. ನಮ್ಮವರು ಹೆಸರಿಟ್ಟಿದ್ದರೆ ಚಕ್ರವ್ಯೂಹ ಎನ್ನುತ್ತಿದ್ದರೇನೋ. 2025ರ ಸೆಪ್ಟೆಂಬರಿನಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆ 250 ಕೋಟಿ ಡಾಲರಿಗೆ ರಾಜಿಯಾಯಿತು. ನಮ್ಮಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿತು. ಚಂದಾ ಬಲೆ ಅದರಲ್ಲೊಂದು: ಬಿಡುವ ಆಯ್ಕೆಯನ್ನು ಮರೆಮಾಡುವುದು, ಬಿಡುವ ದಾರಿಯನ್ನು ಉದ್ದ ಮಾಡುವುದು ಎಲ್ಲ ಅದರೊಳಗೆ ಬರುತ್ತದೆ. ಆ ಪಟ್ಟಿಯನ್ನು ನಾನು ಓದಿದ್ದೆ, ಅದು ಬೇರೆಯವರ ಬಗ್ಗೆ ಎಂದುಕೊಂಡಿದ್ದೆ.

ಬೆಂಗಳೂರಿಗೆ ವಾಪಸಾದ ಮೇಲೆ ನನ್ನನ್ನು ಕಾಡಿದ್ದು ಇನ್ನೊಂದು. ನಮ್ಮ ಲೆಕ್ಕದಲ್ಲಿ 'ಉಳಿಸಿಕೊಂಡವರು' ಎಂಬ ಒಂದು ಸಾಲಿತ್ತು. ಬಿಡುವ ಪುಟ ತೆರೆದು, ಬಿಡದೆ ಹೊರಬಂದವರೆಲ್ಲ ಅದಕ್ಕೆ ಸೇರುತ್ತಿದ್ದರು. ನನ್ನ ನಾಲ್ಕು ಪುಟ ಬಂದ ಮೇಲೆ ಆ ಸಂಖ್ಯೆ ಏರಿ, ಮೀಟಿಂಗಿನಲ್ಲಿ ನನಗೆ ಚಪ್ಪಾಳೆ ಸಿಕ್ಕಿತ್ತು. ಅದರಲ್ಲಿ ಮಾವ ಎರಡು ಸಲ ಎಣಿಕೆಯಾಗಿದ್ದರು.

ಹಾಗಾಗಿ ಉಳಿದುಕೊಂಡವರಲ್ಲಿ ನಲವತ್ತು ಜನರ ದಾಖಲೆ ತೆಗೆದು ಕೈಯಲ್ಲೇ ಎಣಿಸಿದೆ. ಮುಂದಿನ ಸಲ ದುಡ್ಡು ಕಡಿತವಾದ ಮೇಲೆ ಮೂವತ್ತು ದಿನದೊಳಗೆ ಒಂದಾದರೂ ಕಥೆ ಹಾಕಿದವರು ಎಷ್ಟು? ಹನ್ನೊಂದು. ಉಳಿದವರಲ್ಲಿ ಕೆಲವರು ಮತ್ತೆ ಬಿಡಲು ಬಂದಿದ್ದರು. ಕೆಲವರು ನಮ್ಮ ಆಪ್‌ಗೆ ಬಾರದೆ ಯುಪಿಐ ಆಪಿನಲ್ಲೇ ಆಟೋಪೇ ಅನುಮತಿಯನ್ನು ಕಿತ್ತುಹಾಕಿದ್ದರು. ಸಹಾಯವಾಣಿಗೆ ಬಂದ ದೂರುಗಳಲ್ಲಿ 'ಆಗಲೇ ನಿಲ್ಲಿಸಿದ್ದೆ' ಎಂಬ ಮಾತು ಹುಡುಕಿದರೆ ಸಾಲುಸಾಲು ಸಿಕ್ಕಿತು. ಒಂದು ದಾರಿ ಜನರನ್ನು ಒಲಿಸುತ್ತಿದೆಯೋ ಸುಸ್ತು ಮಾಡುತ್ತಿದೆಯೋ ಎಂದು ತಿಳಿಯಲು ಈ ನಾಲ್ಕು ಗುರುತು ಸಾಕು. ಒಲಿದವನು ಬಂದು ಕಥೆ ಕೇಳುತ್ತಾನೆ. ಸುಸ್ತಾದವನು ಬಾರದೆ ದುಡ್ಡು ಕಟ್ಟುತ್ತಿರುತ್ತಾನೆ, ಗೊತ್ತಾದ ದಿನ ಬೈದುಕೊಂಡು ಹೋಗುತ್ತಾನೆ.

ಹೊಸದಾಗಿ ಒಂದೇ ಪುಟ ಬರೆದೆ. ಅದಕ್ಕೆ ಹೋಗುವ ಗುಂಡಿ, ಚಂದಾ ವಿವರ ಇರುವ ಕಡೆಯೇ. ಜರ್ಮನಿಯಲ್ಲಿ 2022ರ ಜುಲೈನಿಂದ ಕಾನೂನೇ ಹಾಗಿದೆ: ಒಪ್ಪಂದ ಮುರಿಯುವ ಗುಂಡಿ ಜಾಲತಾಣದಲ್ಲಿ ಸದಾ ಎದುರಿಗಿರಬೇಕು, ಅದರ ಮೇಲಿನ ಮಾತು ಎರಡರ್ಥ ಕೊಡಬಾರದು, ಒತ್ತಿದ ಕೂಡಲೇ ದೃಢೀಕರಣ ಕಳಿಸಬೇಕು. ನನ್ನ ಪುಟದಲ್ಲಿ ಮೇಲೆ ಮೂರು ಸಾಲು: ಯಾವ ತಾರೀಖಿನವರೆಗೆ ಕಥೆ ಕೇಳಬಹುದು, ಆಮೇಲೆ ಹಣ ಕಡಿತವಾಗುವುದಿಲ್ಲ, ಮಗುವಿನ ಪಟ್ಟಿ ಹಾಗೇ ಇರುತ್ತದೆ. ಕೊನೆಯದು ಮುಖ್ಯ, ಚಂದಾ ನಿಲ್ಲಿಸುವುದು ಬೇರೆ, ಖಾತೆ ಅಳಿಸುವುದು ಬೇರೆ ಎಂಬುದು ಬಹಳ ಜನರಿಗೆ ಸ್ಪಷ್ಟವಿರುವುದಿಲ್ಲ.

ಕೆಳಗೆ ಒಂದೇ ಗಾತ್ರದ, ಒಂದೇ ಬಣ್ಣದ ಎರಡು ಗುಂಡಿ: 'ಚಂದಾ ನಿಲ್ಲಿಸಿ', 'ಚಂದಾ ಇರಲಿ'. 'ಮುಂದುವರಿಸಿ', 'ರದ್ದು', 'ಹೌದು' ಯಾವುದೂ ಇಲ್ಲ. ಗುಂಡಿಯನ್ನು ಪ್ರಶ್ನೆಯಿಂದ ಬಿಡಿಸಿ ಒಂದನ್ನೇ ಓದಿದರೂ ಏನಾಗುತ್ತದೆಂದು ತಿಳಿಯಬೇಕು ಎಂಬುದೇ ನಾನು ಕಲಿತ ನಿಯಮ. ವಿರಾಮವನ್ನು ಪೂರ್ತಿ ತೆಗೆಯಲಿಲ್ಲ, ಪರೀಕ್ಷೆಯ ಸಮಯದಲ್ಲಿ ನಿಜಕ್ಕೂ ಬೇಕಾದವರಿದ್ದಾರೆ. ಅದರ ಮಾತನ್ನು ಬದಲಾಯಿಸಿದೆ: 'ಮೂರು ತಿಂಗಳು ನಿಲ್ಲಿಸಿ, ಸೆಪ್ಟೆಂಬರ್ 5ರಿಂದ ಮತ್ತೆ 299 ಕಡಿತವಾಗುತ್ತದೆ' ಎಂದು ತಾರೀಖು, ಮೊತ್ತ ಎರಡೂ ಅದರಲ್ಲೇ. ಕಾರಣ ಕೇಳುವ ಪ್ರಶ್ನೆ ನಿಲ್ಲಿಸಿ ಆದ ಮೇಲೆ, ಬೇಕಿದ್ದರೆ ಉತ್ತರಿಸುವಂತೆ. ನಿಲ್ಲಿಸಿದ ಕ್ಷಣ ಆಟೋಪೇ ಅನುಮತಿಯನ್ನು ನಮ್ಮ ಕಡೆಯಿಂದಲೇ ವಜಾ ಮಾಡಿ, ಕನ್ನಡದಲ್ಲೇ ಒಂದು ಮೆಸೇಜ್.

ಒಂದು ಮಿತಿ ಹಾಗೇ ಉಳಿಯಿತು. ಐಫೋನಿನ ಆಪ್‌ಸ್ಟೋರ್ ಮೂಲಕ ದುಡ್ಡು ಕಟ್ಟಿದವರ ಚಂದಾವನ್ನು ನಮ್ಮ ಪುಟದಿಂದ ನಿಲ್ಲಿಸಲು ಬರುವುದಿಲ್ಲ. ಅವರನ್ನು ಆ ಸ್ಟೋರಿನ ಚಂದಾ ಪುಟಕ್ಕೆ ನೇರವಾಗಿ ಕರೆದೊಯ್ಯುವ ಕೊಂಡಿ ಮಾತ್ರ ಕೊಡಬಹುದು, ಆಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ ಎಂದು ಬರೆಯಬಹುದು.

ಮೀಟಿಂಗಿನಲ್ಲಿ ಈ ಸಲ ಚಪ್ಪಾಳೆ ಇರಲಿಲ್ಲ. ಬಿಡುವವರ ಸಂಖ್ಯೆ ಏರುತ್ತದಲ್ಲ ಎಂದರು. ಏರುತ್ತದೆ ಎಂದೆ; ನಲವತ್ತು ಜನರ ಹಾಳೆಯನ್ನು ಮುಂದಿಟ್ಟೆ. ಗುಂಡಿಗಳ ಮಾತು, ವಿರಾಮದ ತಾರೀಖು, ಕನ್ನಡದ ಮೆಸೇಜ್ ಒಪ್ಪಿದರು. ಆಟೋಪೇ ವಜಾಕ್ಕೂ ಒಪ್ಪಿದರು. ಕಾರಣದ ಪುಟ ಮಾತ್ರ ಈಗಲೂ ಮೊದಲೇ ಬರುತ್ತದೆ, 'ಬಿಟ್ಟು ಮುಂದೆ ಹೋಗಿ' ಎಂಬ ಗುಂಡಿಯೊಂದಿಗೆ. ಆ ಪುಟದ ಜಗಳ ಇನ್ನೂ ಮುಗಿದಿಲ್ಲ.

ಮಾವನ ಚಂದಾವನ್ನು ಗೃಹಪ್ರವೇಶದ ದಿನ ನಾನು ನಿಲ್ಲಿಸಿಕೊಡಲು ಹೋಗಿದ್ದೆ. ಅವರು ಬಿಡಲಿಲ್ಲ, ಸರಿಯಾದ ಮೇಲೆ ನಾನೇ ಮಾಡುತ್ತೇನೆ ಎಂದರು. ಹೊಸ ಪುಟ ಬಂದ ದಿನ ಫೋನ್ ಮಾಡಿದೆ. ಸ್ಪೀಕರಿನಲ್ಲಿಟ್ಟುಕೊಂಡು, ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುತ್ತ ಹೋದರು. ಮೆಸೇಜ್ ಬಂದ ಸದ್ದು ನನಗೂ ಕೇಳಿಸಿತು. ಆಮೇಲೆ ಪೆನ್ನಿನ ಕ್ಯಾಪ್ ತೆಗೆದ ಸದ್ದು.

"ಏನು ಬರೀತಿದ್ದೀರಿ ಮಾವ?"

"ಕಥೆ ಆಪ್, ಮುಗಿಯಿತು. ತಾರೀಖು ಹಾಕ್ತಿದ್ದೀನಿ ತಡಿ."