ಎರಡನೆಯ ಅಂಗಡಿಗೆ ಒಂದು ಕಾಗದ

ಮದುವೆಗೆ, ನಾಮಕರಣಕ್ಕೆ ಏನು ಬರೆಯಬೇಕೆಂಬುದು ಲೋಕಕ್ಕೆಲ್ಲ ಗೊತ್ತು. ಕಾಫಿಪುಡಿ ಅಂಗಡಿಯವರು ಇನ್ನೊಂದು ಅಂಗಡಿ ತೆರೆದಾಗ ಇಪ್ಪತ್ತು ವರ್ಷದ ಗಿರಾಕಿ ಏನು ಬರೆಯಬೇಕು? "ದಿನೇ ದಿನೇ ಅಭಿವೃದ್ಧಿಯಾಗಲಿ" ಎಂದರೆ ಅದು ಬಟ್ಟೆಯಂಗಡಿಗೂ ಸಲ್ಲುವ ಮಾತು. ನಮ್ಮ ಬಸವನಗುಡಿಯ ಶೆಟ್ಟರು ಜಯನಗರದಲ್ಲಿ ಎರಡನೆಯ ಅಂಗಡಿ ತೆರೆಯುತ್ತಾರೆಂದು ಆಹ್ವಾನಪತ್ರಿಕೆ ಬಂದಾಗ ನನಗೆ ಸಂತೋಷಕ್ಕಿಂತ ಮೊದಲು ದಿಗಿಲಾಯಿತು. ಅಂಗಡಿ ಎರಡಾದರೂ ಶೆಟ್ಟರು ಇಬ್ಬರಾಗುವುದಿಲ್ಲವಲ್ಲ!

ನಮ್ಮ ಮನೆಯದು ಅರ್ಧ ಕಿಲೋ ಲೆಕ್ಕ. ಹುರಿದ ಬೀಜ 400 ಗ್ರಾಂ, ಚಿಕೋರಿ 100. ಬೀಜದಲ್ಲಿ ಪೀಬೆರಿ ಅರ್ಧ, ಪ್ಲಾಂಟೇಷನ್ ಎ ಅರ್ಧ. ಇಷ್ಟನ್ನು ಯಾವ ಬಡಾವಣೆಯ ತಕ್ಕಡಿಯಾದರೂ ತೂಗೀತು. ಹುರಿಯುವ ಹದ ತಕ್ಕಡಿಗೆ ಸಿಕ್ಕುವಂಥದಲ್ಲ. ಬೀಜ ಚಟಪಟನೆ ಸಿಡಿದ ಮೇಲೆ ಶೆಟ್ಟರು ಬಣ್ಣ ನೋಡಿ, ವಾಸನೆ ಹಿಡಿದು ಇಳಿಸುತ್ತಾರೆ; ಒಂದು ನಿಮಿಷ ಮೈಮರೆತರೆ ಕಹಿ. ಆದ್ದರಿಂದ ನನ್ನ ಕಾಗದ ಹೀಗಾಯಿತು:

"ಶ್ರೀ ಶೆಟ್ಟರಿಗೆ ನಮಸ್ಕಾರಗಳು. ಹೊಸ ಅಂಗಡಿಗೆ ಮನೆಮಂದಿಯೆಲ್ಲರ ಅಭಿನಂದನೆ. ಬೀಜವನ್ನು ಹಳೆಯ ಅಂಗಡಿಯಲ್ಲೇ ಹುರಿದು, ಆರಿಸಿ, ಪುಡಿ ಮಾಡದೆ ಅಲ್ಲಿಗೆ ಕಳಿಸುವಿರೆಂದು ಕೇಳಿ ನೆಮ್ಮದಿಯಾಯಿತು. ಇಡೀ ಬೀಜ ಕೆಲವು ವಾರ ಪರಿಮಳ ಹಿಡಿದಿಟ್ಟೀತು. ಪುಡಿಗೆ ಆ ತಾಳ್ಮೆಯಿಲ್ಲ. ಆದರೆ ಬೀಸುವ ಯಂತ್ರ ಅಲ್ಲಿ ಹೊಸದು. ಒಂದು ಯಂತ್ರದ ಮೂರನೆಯ ಗುರುತು ಇನ್ನೊಂದರ ಮೂರನೆಯ ಗುರುತಲ್ಲ. ದಯವಿಟ್ಟು ಎರಡೂ ಕಡೆಯ ಪುಡಿಯನ್ನು ಒಂದೇ ಅಳತೆಯಲ್ಲಿ ಎರಡು ಫಿಲ್ಟರಿಗೆ ಹಾಕಿ ನೋಡಿ."

ಅಭಿನಂದನೆಯಲ್ಲಿ ಇಷ್ಟು ಉಪದೇಶವೇ ಎಂದು ನನ್ನ ಹೆಂಡತಿ ನಕ್ಕಳು. ಆದರೆ ಪುಡಿಯ ತಪ್ಪು ಗಿರಾಕಿಯ ಅಡಿಗೆಮನೆಯಲ್ಲಲ್ಲದೆ ಅಂಗಡಿಯಲ್ಲಿ ಕಾಣುವುದಿಲ್ಲ. ಪುಡಿ ತೀರ ನುಣ್ಣಗಾದರೆ ಫಿಲ್ಟರಿನ ತೂತು ಕಟ್ಟಿ, ಬಿಸಿನೀರು ಮೇಲೆಯೇ ಧ್ಯಾನಕ್ಕೆ ಕೂರುತ್ತದೆ. ಕೊನೆಗೆ ತೊಟ್ಟಿಕ್ಕಿದ ಡಿಕಾಕ್ಷನ್ ಕಹಿ. ತರಿಯಾದರೆ ನೀರು ಸರ್ರನೆ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತದೆ, ಪಾಪ, ಬೈಗುಳ ಹಾಲಿನವನಿಗೆ. ಇನ್ನೊಂದು ಮಾತು ಕಾಗದದ ಅಂಚಿನಲ್ಲಿ ಸೇರಿಸಿದೆ: ಯಂತ್ರದಿಂದ ಬಿಸಿಬಿಸಿಯಾಗಿ ಬಿದ್ದ ಪುಡಿಯನ್ನು ಒಡನೆಯೇ ಪೊಟ್ಟಣ ಕಟ್ಟಬಾರದು. ಒಳಗೆ ಸಿಕ್ಕಿಕೊಂಡ ತೇವವನ್ನು ಚಿಕೋರಿ ಹೀರಿಕೊಂಡು ಪುಡಿ ಗಂಟುಗಂಟಾಗುತ್ತದೆ. ಹೊಸ ಅಂಗಡಿಯಲ್ಲಿ ಸಾಲು ಉದ್ದವಿದ್ದಾಗ ಹುಡುಗರು ಮೊದಲು ಬಿಡುವುದು ಈ ಐದು ನಿಮಿಷವನ್ನೇ.

ಶೆಟ್ಟರು ಉತ್ತರ ಬರೆಯಲಿಲ್ಲ. ಪೂಜೆಯ ಮರುದಿನ ಜಯನಗರದ ಪುಡಿ ಅರ್ಧ ಕಿಲೋ ಕಳಿಸಿ, "ತಿರುಪು ಸ್ವಲ್ಪ ಸಡಿಲಿಸಿದ್ದೇನೆ, ರಾಯರು ನೋಡಿ ಹೇಳಬೇಕಂತೆ" ಎಂದು ಹುಡುಗನಿಂದ ಹೇಳಿಸಿದರು. ಗಡಿಯಾರ ಮುಂದಿಟ್ಟುಕೊಂಡು ಎರಡು ಫಿಲ್ಟರಿಗೂ ನೀರು ಹೊಯ್ದೆವು. ಹಳೆಯ ಅಂಗಡಿಯ ಪುಡಿಯಲ್ಲಿ ಹದಿನೈದು ನಿಮಿಷಕ್ಕೆ ನೀರು ಇಳಿಯಿತು, ಹೊಸದರಲ್ಲಿ ಹದಿನೆಂಟಕ್ಕೆ. ರುಚಿ ಅದೇ, ಕೊನೆಯ ಗುಟುಕಿನಲ್ಲಿ ಮಾತ್ರ ಎಳ್ಳಷ್ಟು ಕಹಿ. ತಿರುಪು ಇನ್ನೂ ಒಂದು ಕೂದಲೆಳೆ ಸಡಿಲವಾಗಲಿ ಎಂದು ಹೇಳಿ ಕಳಿಸಿದ್ದೇನೆ.