ನೀರಿಗೆ ಅಕ್ಷರ ಎಲ್ಲಿವೆ?

ಜೇವರ್ಗಿ, ಬಸ್ ನಿಲ್ದಾಣ. ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು ಕೆಂಡವಾಗಿದ್ದಾರೆ. ಬಿಸಿಲಿಗೆ ಊರು ‘ಅಕ್ಷರಶಃ ಕುಲುಮೆ’ಯಾಯಿತು ಅಂತ ವರದಿಗಾರ ಬರೆದನಂತೆ. ಇಂಗ್ಲಿಷಿನ ‘ಲಿಟರಲಿ’ ಕೆಟ್ಟ ಹಾಗೇ ನಮ್ಮ ಪದವೂ ಕೆಟ್ಟಿತು ಅನ್ನೋದು ಅವರ ಅಳಲು. ಅಷ್ಟರಲ್ಲಿ ಪಕ್ಕದ ಅಜ್ಜ ಮುಖ ಒರೆಸಿಕೊಂಡು, “ಬಿಸಲಾಗ ಖರೇನ ಸತ್ತ ಹೋದೆರೀ” ಅಂದರು. ಯಾರೂ ಬೆಚ್ಚಲಿಲ್ಲ, ಒಬ್ಬರು ನೀರಿನ ಬಾಟಲಿ ಚಾಚಿದರು. ಈ ‘ಖರೇನ’ದ ಮೇಲೆ ಯಾಕೆ ಯಾರೂ ದೂರುವುದಿಲ್ಲ?

ಆಳಂದ, ರಾತ್ರಿ. ಸಂಪಾದಕರಿಗೆ ಉತ್ತರ ಬರೆಯಲು ಕೂತೆ. ಅಕ್ಷರಶಃ ಅಂದರೆ ಅಕ್ಷರ ಅಕ್ಷರವಾಗಿ. ನಕಲು ಮಾಡುವವನಿಗೆ, ಅನುವಾದಕನಿಗೆ ಸಲ್ಲುವ ಮಾತು. ‘ಮನೆಯೊಳಗೆ ಅಕ್ಷರಶಃ ನೀರು ನುಗ್ಗಿತು’ ಅಂದರೆ ಪತ್ರದವರಿಗೆ ತಕರಾರಿಲ್ಲ. ಆದರೆ ನೀರಿಗೆ ಅಕ್ಷರ ಎಲ್ಲಿವೆ? ಅವರು ಕಾಪಾಡಲು ಹೊರಟ ‘ನಿಜವಾಗಿ’ ಎಂಬ ಅರ್ಥವೇ ಮೂಲದಿಂದ ಒಂದು ಹೆಜ್ಜೆ ಸರಿದದ್ದು.

ಸಾಕ್ಷಾತ್ ಎಂಬುದೂ ಹಾಗೇ. ಕಣ್ಣಾರೆ ಎಂಬ ಅರ್ಥದಿಂದ ಹೊರಟ ಪದ. ಈಗ ಲೆಕ್ಕದ ಮೇಷ್ಟ್ರನ್ನೂ ಸಾಕ್ಷಾತ್ ಯಮ ಅನ್ನುತ್ತೇವೆ. ನಿಜ ಎಂದು ಆಣೆಯಿಡುವ ಪದಗಳೆಲ್ಲ ಕೊನೆಗೆ ಮಾತಿಗೆ ಒತ್ತು ಕೊಡುವ ಕೆಲಸಕ್ಕೆ ಸೇರುತ್ತವೋ ಏನೋ. ಇಂಗ್ಲಿಷಿನ ‘ವೆರಿ’ ಕೂಡ ಹಿಂದೆ ‘ನಿಜವಾದ’ ಎಂದೇ ಇತ್ತು. ‘ಲಿಟರಲಿ’ಯ ಈ ಬಳಕೆ ಫ್ರಾನ್ಸಿಸ್ ಬ್ರೂಕ್ ಎಂಬಾಕೆಯ 1769ರ ಕಾದಂಬರಿಯಲ್ಲೇ ಇದೆ. ಇಂದಿನ ಹುಡುಗರನ್ನು ಬೈಯುವುದು ದಂಡ.

ಒಂದು ಪರೀಕ್ಷೆ ಮಾಡಿದೆ. ‘ಊರು ಅಕ್ಷರಶಃ ಕುಲುಮೆಯಾಯಿತು’ ವಾಕ್ಯದಲ್ಲಿ ಆ ಪದದ ಜಾಗಕ್ಕೆ ‘ಆಲಂಕಾರಿಕವಾಗಿ’ ಹಾಕಿದೆ. ವಾಕ್ಯ ಅಲ್ಲೇ ಸತ್ತಿತು. ತೆಗೆದೇ ಬಿಟ್ಟೆ, ‘ಊರು ಕುಲುಮೆಯಾಯಿತು’, ಬಿಸಿ ತುಸು ಇಳಿಯಿತು, ಅಷ್ಟೇ. ಅಂದರೆ ಅಲಂಕಾರ ಇದ್ದದ್ದು ಕುಲುಮೆಯಲ್ಲಿ. ಅಕ್ಷರಶಃ ಬರೀ ತಿದಿ ಒತ್ತುತ್ತಿತ್ತು. ಅದರ ಅರ್ಥ ತಿರುವುಮುರುವಾಗಿದೆ ಅನ್ನುವುದೇ ತಪ್ಪು.

ಅಫಜಲಪುರ. ಪತ್ರ ಅಂಚೆಗೆ ಹಾಕುವ ಮೊದಲು ಚಹಾ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದ್ದರ ಮಾತು ಬಂತು. “ನಮ್ಮೂರು ಖರೇನ ನಡುಗಡ್ಡಿ ಆಗಿತ್ರೀ” ಅಂದರು ಒಬ್ಬರು. ಇಲ್ಲಿ ನಾನೇ ಸಿಕ್ಕಿಬಿದ್ದೆ. ಊರು ಕುಲುಮೆಯಾಗುವುದು ಸಾಧ್ಯವಿಲ್ಲ, ಹಾಗಾಗಿ ಯಾರೂ ಮೋಸಹೋಗುವುದಿಲ್ಲ. ನಡುಗಡ್ಡೆಯಾಗುವುದು ಮಾತ್ರ ಪೂರಾ ಸಾಧ್ಯ. ಇದನ್ನೇ ‘ಅಕ್ಷರಶಃ ನಡುಗಡ್ಡೆ’ ಎಂದು ಪತ್ರಿಕೆಯಲ್ಲಿ ಓದಿದ ತಹಶೀಲ್ದಾರರು ದೋಣಿ ಕಳಿಸಬೇಕೋ ಬೇಡವೋ?

“ಖರೇನ ಅಂದ್ರ ಹ್ಯಾಂಗ್ರೀ?” ಅಂತ ಕೇಳಿದೆ.

“ನಾಕೂ ಕಡಿ ನೀರ್ರೀ. ಹಾಲಿನ ಗಾಡಿ ಸೈತ ಬರಲಿಲ್ಲ.”

ಲಕೋಟೆ ಬಿಚ್ಚಿ ಒಂದು ಸಾಲು ಸೇರಿಸಿದೆ: ಪ್ರವಾಹದ ಸುದ್ದಿಯಲ್ಲಿ ಅಕ್ಷರಶಃ ಬರೆಯಲು ಅಡ್ಡಿಯಿಲ್ಲ, ಆದರೆ ಅದರ ಹಿಂದೆಯೇ ಹಾಲಿನ ಗಾಡಿ ಬಂತೋ ಇಲ್ಲವೋ ತಿಳಿಸಿ.