ಅಕ್ಕನ ಬಗ್ಗೆ ನೂರು ಪದ

ಈ ಸಲ ಒಂದು ತುಂಬಾ ಚಿಕ್ಕ ಬರಹದ ಬಗ್ಗೆ ಮಾತಾಡ್ತೀನಿ. ನಿಮ್ಮಲ್ಲಿ ಯಾರಾದರೂ ಯಾವುದಾದರೂ ಕಾನ್ಫರೆನ್ಸ್‌ನಲ್ಲಿ ಮಾತಾಡೋಕೆ ಒಪ್ಪಿಕೊಂಡಿದ್ದರೆ, ಸಂಘಟಕರಿಂದ ಈ ಇಮೇಲ್ ನಿಮಗೂ ಬಂದಿರುತ್ತೆ: "ನಿಮ್ಮ ಫೋಟೋ ಮತ್ತು ನೂರು ಪದಗಳ ಪರಿಚಯ ಕಳಿಸಿ. ಪ್ರಥಮ ಪುರುಷದಲ್ಲಿರಲಿ." ಕನ್ನಡ ವ್ಯಾಕರಣದಲ್ಲಿ ಪ್ರಥಮ ಪುರುಷ ಅಂದ್ರೆ 'ನಾನು' ಅಲ್ಲ, 'ಅವನು, ಅವಳು, ಅವರು'. ಇಂಗ್ಲಿಷ್‌ನವರು ಇದನ್ನೇ ಥರ್ಡ್ ಪರ್ಸನ್ ಅನ್ನೋದು. ಅಂದ್ರೆ ನಿಮ್ಮ ಬಗ್ಗೆ ನೀವೇ, ಬೇರೆ ಯಾರೋ ಬರೆದ ಹಾಗೆ ಬರೀಬೇಕು.

ನಾನು ಜರ್ಮನಿಗೆ ಮಾಸ್ಟರ್ಸ್ ಮಾಡೋಕೆ ಬಂದು, ಡೇಟಾ ಸೈಂಟಿಸ್ಟ್ ಆಗಿ ಇಲ್ಲೇ ಉಳಿದವನು. ನನ್ನ ಮೊದಲ ಬಯೋವನ್ನು 'ನಾನು' ಅಂತಲೇ ಬರೆದು ಕಳಿಸಿದ್ದೆ. ಅದನ್ನು ಯಾರೂ ತಿದ್ದಲಿಲ್ಲ. ಪ್ರೋಗ್ರಾಮ್ ಪುಸ್ತಕದಲ್ಲಿ ಎಲ್ಲರೂ 'ಅವರು' ಆಗಿದ್ದಾಗ ನಾನೊಬ್ಬನೇ 'ನಾನು' ಅಂತ ಕೂತಿದ್ದೆ. ಅವಮಾನ ಅಂತೇನಲ್ಲ, ಆದ್ರೆ ಮದುವೆಮನೆಗೆ ಚಡ್ಡಿಯಲ್ಲಿ ಹೋದ ಹಾಗಾಯ್ತು.

ಈ ಕಥೆ ನನ್ನದಲ್ಲ, ಅಕ್ಕನದು. ಅಕ್ಕ ಅಂದ್ರೆ ಒಡಹುಟ್ಟಿದವರಲ್ಲ. ನಾನು ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಅನ್ನ ಸಾರು ಹಾಕಿದವರು. ಹಾಸನದ ಕಡೆಯವರು, ನೀರು ಸರಬರಾಜು ಸಂಸ್ಥೆಯೊಂದರಲ್ಲಿ ಎಂಜಿನಿಯರ್, 14 ವರ್ಷದ ಅನುಭವ. ಫೆಬ್ರವರಿಯ ಒಂದು ಭಾನುವಾರ ಫೋನ್ ಮಾಡಿ, "ಸೆಪ್ಟೆಂಬರ್‌ನಲ್ಲಿ ಮಾತಾಡ್ಬೇಕು ಕಣೋ. ಮಾತಾಡೋಕೆ ಭಯ ಇಲ್ಲ. ಈ ಬಯೋ ಬರೆಯೋಕೆ ಆಗ್ತಿಲ್ಲ, ನೀನು ಬರೆದುಕೊಡ್ತೀಯಾ?" ಅಂದ್ರು.

ಮೊದಲು ಅವರು ಬರೆದದ್ದನ್ನು ಕಳಿಸಿ ಅಂದೆ. 240 ಪದ ಇತ್ತು. ಇಂಗ್ಲಿಷ್‌ನಲ್ಲಿದ್ದ ಅದರ ಶುರುವನ್ನು ಕನ್ನಡದಲ್ಲಿ ಹೇಳ್ತೀನಿ: "ನೀರಿನ ಬಗ್ಗೆ ಅಪಾರ ಒಲವುಳ್ಳ, ಫಲಿತಾಂಶಕ್ಕೆ ಬದ್ಧರಾದ ಎಂಜಿನಿಯರ್. ಕರ್ನಾಟಕದಲ್ಲಿ ಬಿ.ಇ. ಮುಗಿಸಿ…" ಅಲ್ಲಿಂದ ವರ್ಷದ ಲೆಕ್ಕದಲ್ಲಿ ಕಾಲೇಜು, ಮೊದಲ ಕೆಲಸ, ಮಾಸ್ಟರ್ಸ್, ಎರಡನೇ ಕೆಲಸ, ಕಲಿತ ಸಾಫ್ಟ್‌ವೇರ್‌ಗಳು. ಈಗ ಏನು ಮಾಡ್ತಾರೆ ಅನ್ನೋದು ಕೊನೆಯ ಎರಡು ಸಾಲಿನಲ್ಲಿತ್ತು. ಅದೂ ಹೀಗೆ: "ಸೋರಿಕೆ ಪತ್ತೆ ಮಾಡುವ ಒಂದು ಯೋಜನೆಯ ತಂಡದ ಭಾಗವಾಗಿದ್ದರು."

ಇದು ರೆಸ್ಯೂಮೆ. ರೆಸ್ಯೂಮೆಯನ್ನು ಕೆಲಸ ಕೊಡೋರು ಮೇಜಿನ ಮೇಲಿಟ್ಟುಕೊಂಡು ಓದ್ತಾರೆ. ಬಯೋ ಹಾಗಲ್ಲ. ಒಂದು ಕಡೆ, ಒಂದೇ ಹೊತ್ತಿಗೆ ಮೂರು ಕೋಣೆಯಲ್ಲಿ ಮಾತು ನಡೀತಿರುವಾಗ ಯಾವುದಕ್ಕೆ ಹೋಗಲಿ ಅಂತ ಕಾಫಿ ಕಪ್ ಹಿಡಿದು ನಿಂತವರು ಪ್ರೋಗ್ರಾಮ್‌ನಲ್ಲಿ ಅದನ್ನು ನೋಡ್ತಾರೆ. ಇನ್ನೊಂದು ಕಡೆ, ಸೆಷನ್ ನಡೆಸೋ ಅಧ್ಯಕ್ಷರು ಅದನ್ನೇ ವೇದಿಕೆ ಮೇಲೆ ಗಟ್ಟಿಯಾಗಿ ಓದ್ತಾರೆ. ಬಹಳ ಸಲ ಆ ಕ್ಷಣದಲ್ಲೇ ಮೊದಲ ಸಲ ಓದ್ತಿರ್ತಾರೆ. ಇಂಗ್ಲಿಷ್‌ನಲ್ಲಿ ನೂರು ಪದ ಓದೋಕೆ ಮುಕ್ಕಾಲು ನಿಮಿಷ ಸಾಕು. 240 ಪದ ಅಂದ್ರೆ ಸುಮಾರು ಎರಡು ನಿಮಿಷ. ಅಷ್ಟೂ ಹೊತ್ತು ಅಕ್ಕ ಪಕ್ಕದಲ್ಲಿ ಕೈಕಟ್ಟಿ ನಿಂತಿರಬೇಕು. ಇದನ್ನು ಹೇಳಿದ ತಕ್ಷಣ, "ಅಯ್ಯೋ, ಬೇಡಪ್ಪಾ, ಕಡಿಮೆ ಮಾಡು" ಅಂದ್ರು.

ಕಡಿಮೆ ಮಾಡೋದು ಸುಲಭ ಆಯ್ತು. 'ಅಪಾರ ಒಲವು' ಯಾರ ಹೆಸರಿನ ಮುಂದೆ ಇಟ್ಟರೂ ಹೊಂದುತ್ತೆ, ಆದ್ದರಿಂದ ತೆಗೆದೆ. ಕ್ರಮವನ್ನು ತಿರುಗಿಸಿದೆ: ಮೊದಲ ವಾಕ್ಯದಲ್ಲಿ ಈಗಿನ ಕೆಲಸ, ಆಮೇಲೆ ಈ ಮಾತಿಗೆ ಸಂಬಂಧಪಟ್ಟ ಕೆಲಸ, ಹಳೆಯದಕ್ಕೆಲ್ಲ ಒಂದೇ ವಾಕ್ಯ. ಈಗಷ್ಟೇ ಓದು ಮುಗಿಸಿದವರಿಗೆ ಡಿಗ್ರಿ ಬಿಟ್ಟರೆ ಹೇಳೋಕೆ ಬೇರೆ ಹೆಚ್ಚೇನೂ ಇರಲ್ಲ. 14 ವರ್ಷ ಕೆಲಸ ಮಾಡಿದವರಿಗೆ ಡಿಗ್ರಿ ಕೊನೆಗೆ ಬಂದರೆ ಸಾಕು, ಜಾಗ ಇಲ್ಲದಿದ್ದರೆ ಬರದಿದ್ದರೂ ನಡೆಯುತ್ತೆ.

ಸಿಕ್ಕಿಹಾಕಿಕೊಂಡದ್ದು 'ತಂಡದ ಭಾಗವಾಗಿದ್ದರು' ಅನ್ನೋದರಲ್ಲಿ.

"ಅಕ್ಕ, ಇದರಲ್ಲಿ ನೀವು ಏನು ಮಾಡಿದ್ರಿ?" ಅಂತ ಕೇಳಿದೆ. ಹೇಳೋಕೆ ಶುರು ಮಾಡಿದ್ರು, ಅರ್ಧ ಗಂಟೆ ಹೇಳಿದ್ರು. ನಿಮಗೆ ಅದರ ಸಾರ ಹೇಳ್ತೀನಿ. ರಾತ್ರಿ ಎರಡರಿಂದ ನಾಲ್ಕರವರೆಗೆ ಊರು ಮಲಗಿರುತ್ತೆ, ಯಾರೂ ಹೆಚ್ಚು ನೀರು ಬಳಸಲ್ಲ. ಆ ಹೊತ್ತಿನಲ್ಲಿ ಒಂದು ಬಡಾವಣೆಗೆ ಹೋಗೋ ನೀರಿನಲ್ಲಿ ದೊಡ್ಡ ಪಾಲು ಎಲ್ಲೋ ಸೋರಿ ಹೋಗ್ತಿರೋದೇ. ಆ ರಾತ್ರಿ ಹರಿವು ಇದ್ದಕ್ಕಿದ್ದಂತೆ ಏರಿ, ಮೂರ್ನಾಲ್ಕು ರಾತ್ರಿ ಕೆಳಗಿಳಿಯದೇ ನಿಂತರೆ ಎಲ್ಲೋ ಪೈಪ್ ಒಡೆದಿದೆ ಅಂತ ಅನುಮಾನಿಸಬೇಕು. ಆದ್ರೆ ಎಷ್ಟು ಏರಿದರೆ ಅನುಮಾನ? ಆಸ್ಪತ್ರೆ ಇರೋ ಬಡಾವಣೆಯಲ್ಲಿ ರಾತ್ರಿಯೂ ನೀರು ಹರಿಯುತ್ತೆ, ಬರೀ ಮನೆಗಳಿರೋ ಕಡೆ ಇಲ್ಲ. ಎಲ್ಲ ಕಡೆಗೂ ಒಂದೇ ಮಿತಿ ಇಟ್ಟರೆ ಸುಳ್ಳು ಎಚ್ಚರಿಕೆಗಳು ಬರ್ತವೆ, ರಾತ್ರಿ ಪಾಳಿಯವರು ಸುಮ್ಮನೆ ಅಲೀತಾರೆ. ಪ್ರತಿ ಬಡಾವಣೆಗೂ ಅದರದ್ದೇ ಮಿತಿ ಲೆಕ್ಕ ಹಾಕೋ ವಿಧಾನವನ್ನು ರೂಪಿಸಿದ್ದು ಅಕ್ಕ. ಒಬ್ಬರೇ.

"ಮತ್ತೆ 'ತಂಡದ ಭಾಗ' ಅಂತ ಯಾಕೆ ಬರೆದ್ರಿ?"

"ಸೆನ್ಸರ್ ಹಾಕಿದ್ದು ನಾನಲ್ವಲ್ಲೋ. ನಾನೇ ಮಾಡಿದೆ ಅಂತ ಹೇಳಿಕೊಂಡರೆ ಅವರು ಏನಂದುಕೊಳ್ತಾರೆ?"

ಈ ಭಯ ನಿಮಗೂ ಗೊತ್ತಿರಬೇಕು. ನಮ್ಮ ಎಂಜಿನಿಯರಿಂಗ್ ವರದಿಗಳ ಭಾಷೆಯೂ ಇದಕ್ಕೆ ಸಹಾಯ ಮಾಡುತ್ತೆ: 'ಅಳೆಯಲಾಯಿತು', 'ಅಳವಡಿಸಲಾಯಿತು'. ಮಾಡಿದವರು ಯಾರು ಅನ್ನೋದೇ ಇರಲ್ಲ. ವರದಿಗೆ ಅದು ಸರಿ. ಬಯೋದಲ್ಲಿ ಮಾತ್ರ ಸಭಿಕರಿಗೆ ಇರೋ ಪ್ರಶ್ನೆಯೇ ಅದು: ಈ ವಿಷಯದ ಬಗ್ಗೆ ಬೇರೆಯವರಲ್ಲ, ಇವರೇ ಯಾಕೆ ಮಾತಾಡ್ತಿದ್ದಾರೆ?

ಇಲ್ಲಿ ಕ್ರಿಯಾಪದವನ್ನು ತೂಗಿ ಇಡಬೇಕು. ರೂಪಿಸಿದರು, ಕಟ್ಟಿದರು, ಮುನ್ನಡೆಸಿದರು, ಜೊತೆಯಾದರು: ಒಂದೊಂದೂ ಬೇರೆ ಕೆಲಸ, ಬೇರೆ ಹೊಣೆ. ನಾನು ಆತುರದಲ್ಲಿ "ಸೋರಿಕೆ ಪತ್ತೆ ವ್ಯವಸ್ಥೆಯನ್ನು ರೂಪಿಸಿದರು" ಅಂತ ಬರೆದೆ. ಕೇಳೋಕೆ ಚೆನ್ನಾಗಿತ್ತು. ಅಕ್ಕನಿಗೆ ಒಂದು ಉಪಾಯ ಹೇಳಿದೆ: ಆ ವಾಕ್ಯವನ್ನು ನಿಮ್ಮ ಜೊತೆ ಕೆಲಸ ಮಾಡಿದ ಇಬ್ಬರಿಗೆ ತೋರಿಸಿ. ಸಭೆಯಲ್ಲಿ ಅವರು ಮುಂದಿನ ಸಾಲಿನಲ್ಲಿ ಕೂತು ಇದನ್ನು ಕೇಳಿದರೆ ತಲೆ ಆಡಿಸ್ತಾರಾ, ಮುಖ ತಿರುಗಿಸ್ತಾರಾ ಅಂತ ಗೊತ್ತಾಗುತ್ತೆ.

ಸೋಮವಾರ ತೋರಿಸಿದ್ರು. ಮೊದಲನೆಯವರು, ವ್ಯವಸ್ಥೆ ಪೂರ್ತಿ ನಿಮ್ಮದಲ್ಲ, ಮೀಟರ್ ಆರಿಸಿದ್ದು ನಿಮಗಿಂತ ಮೊದಲೇ ಅಂದ್ರಂತೆ. ಸರಿ. 'ವ್ಯವಸ್ಥೆ' ಹೋಗಿ 'ಎಚ್ಚರಿಕೆಯ ಮಿತಿಯನ್ನು ಲೆಕ್ಕ ಹಾಕುವ ವಿಧಾನ' ಬಂತು. ಎರಡನೆಯವರು ಕೇಳಿದ್ದು ಬೇರೆ: "ರಾತ್ರಿ ಪಾಳಿಯವರ ವಿಷಯ ಎಲ್ಲಿ?" ಮೊದಲ ಆರು ತಿಂಗಳು ಆ ಎಚ್ಚರಿಕೆಗಳನ್ನು ಪಾಳಿಯವರು ನಂಬ್ತಾನೇ ಇರಲಿಲ್ಲವಂತೆ. ಅಕ್ಕ ವಾರಕ್ಕೊಂದು ರಾತ್ರಿ ಅವರ ವ್ಯಾನಿನಲ್ಲಿ ಹೋಗಿ, ಸುಳ್ಳಾದ ಎಚ್ಚರಿಕೆಗಳನ್ನು ಬರೆದುಕೊಂಡು ಬಂದು ಮಿತಿಗಳನ್ನು ತಿದ್ದಿದ್ರಂತೆ. ಇದನ್ನು ನನಗೆ ಅರ್ಧ ಗಂಟೆಯ ಫೋನ್‌ನಲ್ಲೂ ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಕೆಲಸವೇ ಅಲ್ಲ!

ಆಮೇಲೆ ಅಂಕಿ. ಅಕ್ಕನ ಕರಡಿನಲ್ಲಿ "ನೀರಿನ ನಷ್ಟವನ್ನು ಶೇ. 18ರಷ್ಟು ಇಳಿಸಿದ ಯೋಜನೆ" ಅಂತ ಇತ್ತು. ಡೇಟಾದವನು ನಾನು, ಸುಮ್ಮನಿರೋಕಾಗುತ್ತಾ? ಎಲ್ಲಿ, ಯಾವಾಗಿನಿಂದ ಯಾವಾಗ ಅಂತ ಕೇಳಿದೆ. ಒಂದೇ ಬಡಾವಣೆಯ ಅಂಕಿ ಅದು. ಅದೇ ವರ್ಷ ಅಲ್ಲಿನ ಹಳೆಯ ಮುಖ್ಯ ಪೈಪನ್ನೂ ಬದಲಾಯಿಸಿದ್ದರು. ಹಾಗಾದ್ರೆ ನಷ್ಟ ಇಳಿದದ್ದು ಎಚ್ಚರಿಕೆಯಿಂದ ಎಷ್ಟು, ಹೊಸ ಪೈಪಿನಿಂದ ಎಷ್ಟು ಅಂತ ಬಿಡಿಸಿ ಹೇಳೋಕೆ ಆಗಲ್ಲ. ಭಾಷಣದಲ್ಲಾದರೆ ಇದನ್ನು ಒಂದು ಸ್ಲೈಡ್ ಹಾಕಿ ವಿವರಿಸಬಹುದು. ಬಯೋದಲ್ಲಿ ವಿವರಿಸೋಕೆ ಜಾಗ ಇಲ್ಲ. ಅದನ್ನು ಬಿಟ್ಟು, ಯಾರು ಬೇಕಾದರೂ ಎಣಿಸಿ ನೋಡಬಹುದಾದ ಅಂಕಿ ಇಟ್ವಿ: ಈ ವಿಧಾನ ಈಗ 23 ಬಡಾವಣೆಗಳಲ್ಲಿ ನಡೀತಿದೆ. ಅದಕ್ಕೂ ಸಂಸ್ಥೆಯ ಸಂಪರ್ಕ ವಿಭಾಗದ ಒಪ್ಪಿಗೆ ಬೇಕಾಯ್ತು, ಎರಡು ವಾರ ಹಿಡೀತು. ಕೊನೆಯ ದಿನಾಂಕದ ಹಿಂದಿನ ರಾತ್ರಿ ಬಯೋ ಬರೆಯೋರು ಇದನ್ನು ಗಮನಿಸಿ. ಹಾಗೇ 'ಕಳೆದ ಏಳು ವರ್ಷಗಳಿಂದ' ಅನ್ನೋದನ್ನು '2018ರಿಂದ' ಅಂತ ಮಾಡಿದೆ. ಫೆಬ್ರವರಿಯಲ್ಲಿ ಬರೆದದ್ದನ್ನು ಸೆಪ್ಟೆಂಬರ್‌ನಲ್ಲಿ ಓದ್ತಾರೆ, ಆಮೇಲೂ ಅದು ಎಲ್ಲೋ ಉಳಿದಿರುತ್ತೆ.

ಹೆಸರಿನ ಕಥೆ ಇನ್ನೂ ದೊಡ್ಡದು. ಅಕ್ಕನಿಗೆ ಊರಲ್ಲಿ ಎರಡು ಇನಿಶಿಯಲ್, ಮನೆತನದ ಹೆಸರು ಅಂತ ಏನೂ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಆ ಜಾಗಕ್ಕೆ ಅಪ್ಪನ ಹೆಸರು ಹೋಯ್ತು. ಹಿಂದೊಮ್ಮೆ ಒಂದು ಸಭೆಯಲ್ಲಿ ಅಧ್ಯಕ್ಷರು ಅಪ್ಪನ ಹೆಸರಿಗೆ 'ಹೆರ್' ಸೇರಿಸಿ, ಅಂದ್ರೆ ಶ್ರೀಯುತರು ಅಂತ ಕರೆದು, ಗಂಡಸೊಬ್ಬರು ಎದ್ದು ಬರಲಿ ಅಂತ ಕಾದಿದ್ದರಂತೆ. ಅಕ್ಕ ಎದ್ದು ಹೋದ್ರು. ಜನ ನಕ್ಕರು. "ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು ಕಣೋ ಆಗ" ಅಂದ್ರು, ಅಷ್ಟೇ. ನಾನು ಮಾತಾಡಲಿಲ್ಲ.

ಪ್ರಥಮ ಪುರುಷದ ಬಯೋ ನಿಜಕ್ಕೂ ಕೆಲಸಕ್ಕೆ ಬರೋದು ಇಲ್ಲೇ. ನಮ್ಮ ಹೆಸರು ನೋಡಿ ಹೆಣ್ಣೋ ಗಂಡೋ ಅಂತ ಇಲ್ಲಿನವರಿಗೆ ತಿಳಿಯಲ್ಲ. ಎರಡನೇ ವಾಕ್ಯವೇ ಇಂಗ್ಲಿಷಿನ 'ಶೀ'ಯಿಂದ ಶುರುವಾದರೆ ಅಧ್ಯಕ್ಷರು ಊಹೆ ಮಾಡಬೇಕಾಗಿಲ್ಲ. ಬಯೋದ ಕೆಳಗೆ, ಅಚ್ಚಿಗಲ್ಲ ಅಂತ ಗುರುತು ಮಾಡಿ, ಹೆಸರನ್ನು ಹೇಗೆ ಉಚ್ಚರಿಸಬೇಕು, ವೇದಿಕೆಯಲ್ಲಿ ಯಾವ ಹೆಸರಿನಿಂದ ಕರೀಬೇಕು ಅಂತ ಒಂದು ಸಾಲು ಸೇರಿಸಿದೆ.

ಕೊನೆಗೆ ಇಂಗ್ಲಿಷ್‌ನಲ್ಲಿ 70 ಪದದ ಒಳಗೇ ನಿಂತ ಬಯೋ ಕನ್ನಡದಲ್ಲಿ ಹೀಗಿರುತ್ತೆ. ಹೆಸರಿನ ಜಾಗದಲ್ಲಿ ಅಕ್ಕ ಅಂತಲೇ ಓದಿಕೊಳ್ಳಿ:

"ಅಕ್ಕ ನೀರು ಸರಬರಾಜು ಎಂಜಿನಿಯರ್. ಅವರು 2018ರಿಂದ ಕೊಳವೆ ಜಾಲದ ಸೋರಿಕೆ ಪತ್ತೆಯ ಕೆಲಸದಲ್ಲಿದ್ದಾರೆ. ರಾತ್ರಿ ಹರಿವನ್ನು ನೋಡಿ ಪ್ರತಿ ಬಡಾವಣೆಗೂ ಬೇರೆ ಎಚ್ಚರಿಕೆಯ ಮಿತಿಯನ್ನು ಲೆಕ್ಕ ಹಾಕುವ ವಿಧಾನವನ್ನು ರೂಪಿಸಿದವರು ಅವರು. ರಾತ್ರಿ ಪಾಳಿಯವರ ಜೊತೆ ಓಡಾಡಿ ಅದನ್ನು ತಿದ್ದಿದರು. ಈಗ ಅದು 23 ಬಡಾವಣೆಗಳಲ್ಲಿ ಬಳಕೆಯಲ್ಲಿದೆ. ಅದಕ್ಕೂ ಮೊದಲು ಪಂಪಿಂಗ್ ಸ್ಟೇಷನ್‌ಗಳ ನಿಯಂತ್ರಣ ವಿಭಾಗದಲ್ಲಿದ್ದರು."

ಸೆಪ್ಟೆಂಬರ್‌ನಲ್ಲಿ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅಧ್ಯಕ್ಷರು ಚೀಟಿ ನೋಡಿಕೊಂಡು ಅಕ್ಕನ ಹೆಸರನ್ನು ನಿಧಾನವಾಗಿ, ಸರಿಯಾಗಿ ಹೇಳಿದರು. ಅರ್ಧ ನಿಮಿಷದಲ್ಲಿ ಓದಿ ಮುಗಿಸಿದರು. ವಿರಾಮದಲ್ಲಿ ಬೇರೆ ಊರಿನ ಎಂಜಿನಿಯರ್ ಒಬ್ಬರು ಬಂದು ಮೊದಲು ಕೇಳಿದ್ದು ಲೆಕ್ಕದ ವಿಷಯ ಅಲ್ಲ, ರಾತ್ರಿ ಪಾಳಿಯವರನ್ನು ಹೇಗೆ ಒಪ್ಪಿಸಿದಿರಿ ಅಂತ.

ಆ ಸಂಜೆ ಅಕ್ಕ ಹಾಸನಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಬಯೋವನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದ್ರು. ಇಂಗ್ಲಿಷಿನ 'ಶೀ' ಬಂದ ಕಡೆ ಒಂದು ಕ್ಷಣ ತಡವರಿಸಿದ್ರು. ತನ್ನನ್ನೇ 'ಅವರು' ಅನ್ನೋಕೆ ನಾಚಿಕೆ, ಅದಕ್ಕೆ 'ಅವಳು' ಅಂತ ಓದಿದ್ರು.

"ಅವಳು ಅಂತ ಬರೆದಿದ್ದಾರಾ? ಅಷ್ಟು ದೊಡ್ಡ ಸಭೆಯಲ್ಲಿ?" ಅಂತ ಅಮ್ಮ ಆ ಕಡೆಯಿಂದ ರೇಗಿದ್ರು. ನಾನು ಇಲ್ಲಿಂದ, "ಇಲ್ಲಮ್ಮ, ಅವರು ಅಂತಲೇ ಇದೆ, ಇವರೇ ತಪ್ಪು ಓದ್ತಿದ್ದಾರೆ" ಅಂದೆ.

"ಹಂಗನ್ನು. ಅದ್ಸರಿ, ಕ್ಲಾಸಿಗೇ ಫಸ್ಟ್ ಬಂದಿದ್ಳಲ್ಲ, ಅದ್ಯಾಕೆ ಹಾಕಿಲ್ಲ?"